ಬೋಡ್ ಪ್ಲಾಟ್: ಆಕಾರ ಸರಿ, ಎತ್ತರ ತಪ್ಪು

ಪ್ರಶ್ನೆ: G(s) = 5000(s+2) / [s(s+10)(s+100)] ಇದಕ್ಕೆ ಕೈಯಲ್ಲೇ ಬೋಡ್ ಮ್ಯಾಗ್ನಿಟ್ಯೂಡ್ ಪ್ಲಾಟ್ ಹಾಕಿದೆ. ಗೆರೆ ಬಾಗುವ ಜಾಗಗಳು ಸರಿ ಇವೆ, ಆದರೆ ಇಡೀ ಗ್ರಾಫ್ ತುಂಬಾ ಮೇಲೆ ಬಂದಿದೆ. ω = 1ರಲ್ಲಿ 20 log 5000, ಅಂದ್ರೆ 74 ಡಿಬಿ ಇಟ್ಟಿದ್ದೆ. ಎಲ್ಲಿ ತಪ್ಪಿದೆ?

ತಪ್ಪಿರೋದು ಆ 74ರಲ್ಲೇ. ಕಡಿಮೆ ಫ್ರೀಕ್ವೆನ್ಸಿಯಲ್ಲಿ (s+10) ಅನ್ನೋದು 1 ಆಗಲ್ಲ, 10 ಆಗುತ್ತೆ ಅಲ್ವಾ? (s+100) ನೂರಾಗುತ್ತೆ, (s+2) ಎರಡಾಗುತ್ತೆ. ಈ ಸಂಖ್ಯೆಗಳನ್ನು ಮೊದಲು ಬ್ರಾಕೆಟ್‌ನಿಂದ ಹೊರಗೆ ತೆಗೆಯಬೇಕು. 5000 × 2 / (10 × 100) = 10. ಈಗ ಹೀಗೆ ಬರೆಯಿರಿ:

G(s) = 10(1 + s/2) / [s(1 + s/10)(1 + s/100)]

ಶುರುವಿನ ಗೆರೆ ಬರೀ 10/s. ω = 1ರಲ್ಲಿ ಅದು 20 ಡಿಬಿ. ನೀವು 54 ಡಿಬಿ ಮೇಲಿದ್ದೀರಿ.

ಸೆಮಿ-ಲಾಗ್ ಶೀಟ್‌ನಲ್ಲಿ ಆ 20 ಡಿಬಿ ಬಿಂದು ಗುರುತಿಸಿ. ಅದರ ಮೂಲಕ ಡೆಕೇಡ್‌ಗೆ −20 ಡಿಬಿ ಇಳಿಯುವ ಗೆರೆ ಎಳೆಯಿರಿ. ω = 2ಕ್ಕೆ ಬಂದಾಗ 10/2 = 5, ಅಂದ್ರೆ 14 ಡಿಬಿ. ಅಲ್ಲಿ ಝೀರೋ +20 ಸೇರಿಸುತ್ತೆ, ಹಾಗಾಗಿ ಗೆರೆ ಮಟ್ಟವಾಗುತ್ತೆ. 10ರವರೆಗೂ 14 ಡಿಬಿಯೇ. 10ರಲ್ಲಿ ಪೋಲ್ ಇದೆ, ಮತ್ತೆ −20. ಒಂದು ಡೆಕೇಡ್ ದಾಟಿ 100ಕ್ಕೆ ಬಂದಾಗ 14 − 20 = −6 ಡಿಬಿ. ಅಲ್ಲಿಂದ ಮುಂದೆ ಇನ್ನೊಂದು ಪೋಲ್ ಸೇರಿ −40. ನಾನು ಗೆರೆ ಎಳೆಯೋ ಮೊದಲೇ ಶೀಟ್‌ನ ಮೇಲಂಚಿನಲ್ಲಿ ಪೆನ್ಸಿಲ್‌ನಿಂದ −20, 0, −20, −40 ಅಂತ ಸ್ಲೋಪ್ ಬರೆದಿಟ್ಟುಕೊಳ್ಳುತ್ತೇನೆ. ಇಲ್ಲದಿದ್ದರೆ ಪೋಲ್ ಬಂದಾಗ ಹಳೇ ಸ್ಲೋಪ್‌ಗೆ ಸೇರಿಸೋದು ಮರೆತು, ಸುಮ್ನೆ −20 ಎಳೆದುಬಿಡುತ್ತೇವೆ.

ಇವು ನೇರ ಗೆರೆಗಳು ಮಾತ್ರ. ನಿಜವಾದ ಕರ್ವ್ ಮೂಲೆಯಲ್ಲಿ ಸುಮಾರು 3 ಡಿಬಿ ಸರಿಯುತ್ತೆ: 2ರಲ್ಲಿ ಮೇಲಕ್ಕೆ, ಸುಮಾರು 17, 10ರಲ್ಲಿ ಕೆಳಕ್ಕೆ, ಸುಮಾರು 11, 100ರಲ್ಲಿ ಸುಮಾರು −9. ಮೂಲೆಯ ಅರ್ಧ ಫ್ರೀಕ್ವೆನ್ಸಿಯಲ್ಲೂ ಎರಡರಷ್ಟರಲ್ಲೂ ಆ ಮೂಲೆಯ ವ್ಯತ್ಯಾಸ 1 ಡಿಬಿ. ಈ ಬಿಂದುಗಳನ್ನು ಕೈಯಿಂದ ನಯವಾಗಿ ಸೇರಿಸಿದರೆ ಸಾಕು. ಆದರೆ ಎರಡು ಮೂಲೆಗಳು ತೀರಾ ಹತ್ತಿರ ಇದ್ದರೆ ಎರಡರ ವ್ಯತ್ಯಾಸವನ್ನೂ ಕೂಡಿಸಬೇಕು. ಇಲ್ಲಿ ಸಾಕಷ್ಟು ದೂರ ಇವೆ.

ಎತ್ತರ ಸರಿ ಬಂತಾ ಅಂತ ನೋಡೋಕೆ ನಿಮ್ಮ ಆ 5000 ಕೆಲಸಕ್ಕೆ ಬರುತ್ತೆ. ಅದು ಗ್ರಾಫ್‌ನ ಇನ್ನೊಂದು ತುದಿಗೆ ಸೇರಿದ್ದು. ತುಂಬಾ ಜಾಸ್ತಿ ಫ್ರೀಕ್ವೆನ್ಸಿಯಲ್ಲಿ ಬ್ರಾಕೆಟ್‌ಗಳಲ್ಲಿ s ಮಾತ್ರ ಲೆಕ್ಕಕ್ಕೆ ಬರುತ್ತೆ, ಉಳಿಯೋದು 5000/s². ω = 1000ರಲ್ಲಿ ಅದು 0.005, ಅಂದ್ರೆ −46 ಡಿಬಿ. ನಿಮ್ಮ ಗೆರೆಯೂ −6ರಿಂದ ಒಂದು ಡೆಕೇಡ್‌ನಲ್ಲಿ 40 ಇಳಿದು −46ಕ್ಕೇ ಬರಬೇಕು.