ಲೈನ್ ಚಾರ್ಟ್‌ಗೆ ಯಾವ ಅಳತೆ ಸರಿ?

> ಡೇಟಾ ಅದೇ, ಎರಡೂ ಆಕ್ಸಿಸ್‌ಗಳ ಮಿತಿಯೂ ಅದೇ. ಚಾರ್ಟನ್ನು ಅಗಲಕ್ಕೆ ಎಳೆದರೆ ಮಾತ್ರ ಏರಿಕೆ ಮಂದವಾಗಿ ಕಾಣುತ್ತದೆ. ಯಾವುದನ್ನು ಇಟ್ಟುಕೊಳ್ಳಲಿ?

ನಮ್ಮ ಕಣ್ಣು ನೋಡುವುದು ಗೆರೆಯ ಕೋನವನ್ನು. ಅದು ಚಾರ್ಟಿನ ಆಕಾರದ ಜೊತೆ ಬದಲಾಗುತ್ತದೆ.

ಒಂದು ಗೆರೆ ಎಡಗಡೆ ಕೆಳಮೂಲೆಯಿಂದ ಬಲಗಡೆ ಮೇಲ್ಮೂಲೆಗೆ ಹೋಗುತ್ತದೆ ಅಂದುಕೊಳ್ಳಿ. ಮೊದಲರ್ಧಕ್ಕಿಂತ ಎರಡನೇ ಅರ್ಧದ ಏರಿಕೆಯ ವೇಗ ಎರಡು ಪಟ್ಟು. ಚೌಕದಲ್ಲಿ ಬರೆದರೆ ಎರಡು ಭಾಗಗಳ ಕೋನ ಸುಮಾರು 34 ಮತ್ತು 53 ಡಿಗ್ರಿ, ವ್ಯತ್ಯಾಸ 19. ಅಗಲವನ್ನು ಎತ್ತರದ ನಾಲ್ಕು ಪಟ್ಟು ಮಾಡಿದರೆ 9 ಮತ್ತು 18. ತಿರುವು ಇದೆಯೋ ಇಲ್ಲವೋ ಅನ್ನುವ ಹಾಗಾಗುತ್ತದೆ. ಎತ್ತರವನ್ನೇ ನಾಲ್ಕು ಪಟ್ಟು ಮಾಡಿದರೂ ಲಾಭವಿಲ್ಲ: 69 ಮತ್ತು 79. ನೋಡಲು ಭಯಂಕರ ಏರಿಕೆ, ಆದರೆ ವೇಗ ಬದಲಾಗಿದ್ದು ಮುಚ್ಚಿಹೋಗುತ್ತದೆ.

ಅದಕ್ಕೇ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ಜೊತೆಗಾರರು 1988ರಲ್ಲಿ, ಗೆರೆಯ ತುಂಡುಗಳು 45 ಡಿಗ್ರಿಯ ಆಸುಪಾಸಿನಲ್ಲಿರಲಿ ಎಂದರು. ಗಮನಿಸಿ, ಇಡೀ ಗೆರೆಯಲ್ಲ, ತುಂಡುಗಳು. ಪದೇಪದೇ ಏರಿಳಿಯುವ ಡೇಟಾಗೆ ಇದೇ ನಿಯಮ ಅಗಲವಾದ ಚಾರ್ಟನ್ನೇ ಕೇಳುತ್ತದೆ. ಸುಮ್ನೆ ಚೌಕ ಇಟ್ಟರೆ ಎಲ್ಲ ಮುಳ್ಳುಮುಳ್ಳಾಗಿ ಕಾಣುತ್ತದೆ.

ಮ್ಯಾಟ್‌ಪ್ಲಾಟ್‌ಲಿಬ್ ಆದರೆ `figsize` ಅಂಚನ್ನೂ ಸೇರಿಸಿಕೊಳ್ಳುತ್ತದೆ. ಒಳಗಿನ ಚೌಕಟ್ಟಿನ ಎತ್ತರ-ಅಗಲದ ಅನುಪಾತಕ್ಕೆ ಇದನ್ನು ಬಳಸಿ:

```python
ax.set_box_aspect(0.5)
```