ಆಪ್ತಸಲಹೆ ಪ್ರಕರಣ: ಪ್ರಶ್ನೆ ಏಳುವ ಮೊದಲೇ ಉತ್ತರ ಹೇಳುವ ಮುಕ್ತಾಯದ ಮಾತು

ಸಲಹೆಗೆ ಬಂದವರು ನಲವತ್ತರ ಆಸುಪಾಸಿನ ಮಹಿಳೆ, ಒಂದು ಸಂಸ್ಥೆಯಲ್ಲಿ ಯಂತ್ರ ನಿರ್ವಹಣಾ ವಿಭಾಗದ ಮುಖ್ಯಸ್ಥೆ. ಗುರುತು ಸಿಗಬಾರದೆಂದು ಸಂಸ್ಥೆಯ ಸ್ವರೂಪವನ್ನು ಬದಲಿಸಿದ್ದೇವೆ. ಹಣದ ಲೆಕ್ಕವನ್ನೂ, ಅವರು ಕೇಳಿದ ಒಟ್ಟು ಮೊತ್ತ 100 ಪಾಲು ಎಂದಿಟ್ಟುಕೊಂಡು ಹೇಳಿದ್ದೇವೆ.

ಹಳೆಯ ಯಂತ್ರವೊಂದನ್ನು ಬದಲಿಸುವ ಬಜೆಟ್ ಪ್ರಸ್ತಾವವನ್ನು ಅವರು ಎರಡು ವಾರದಲ್ಲಿ ಸಮಿತಿಯ ಮುಂದೆ ಮಂಡಿಸಬೇಕಿತ್ತು. ನಿದ್ದೆ ಸರಿಯಾಗಿ ಬರುತ್ತಿಲ್ಲ, ಮಂಡನೆಯ ಕೊನೆಯ ಸ್ಲೈಡ್ ನೆನೆದರೇ ಎದೆ ಹೊಡೆದುಕೊಳ್ಳುತ್ತದೆ ಎಂದರು. ಮೊದಲ ಹದಿನೈದು ನಿಮಿಷದ ಬಗ್ಗೆ ಅವರಿಗೆ ಭಯವಿರಲಿಲ್ಲ. ಹಿಂದಿನ ವರ್ಷ ಇದೇ ಪ್ರಸ್ತಾವವನ್ನು ಚೆನ್ನಾಗಿಯೇ ಮಂಡಿಸಿ, "ಇಷ್ಟೇ, ಏನಾದರೂ ಪ್ರಶ್ನೆಗಳಿದ್ದರೆ ಕೇಳಿ" ಎಂದು ನಿಲ್ಲಿಸಿದ್ದರು. ಹಣಕಾಸು ವಿಭಾಗದ ಮುಖ್ಯಸ್ಥರ ಮೊದಲ ಪ್ರಶ್ನೆ, "ನಿಮ್ಮ ಹಿಂದಿನ ಯೋಜನೆ ಅಂದಾಜು ಮೀರಿತ್ತಲ್ಲ, ಇದು ಮೀರಲ್ಲ ಅಂತ ಏನು ಖಾತ್ರಿ?" ಅಲ್ಲಿಗೆ ಅವರ ಗಂಟಲು ಒಣಗಿತು. ಹಿಂದಿನ ಯೋಜನೆಯಲ್ಲಿ ಯಾರು ಯಾರು ತಡಮಾಡಿದರು ಎಂದು ಉದ್ದಕ್ಕೆ ವಿವರಿಸಿದರು. ಸಮಿತಿ ಪ್ರಸ್ತಾವವನ್ನು ಮುಂದೂಡಿತು.

ಈ ಆತಂಕವನ್ನು ಉಸಿರಾಟದ ಅಭ್ಯಾಸವೊಂದರಿಂದಲೇ ಇಳಿಸಲು ನಾವು ಹೋಗಲಿಲ್ಲ, ಏಕೆಂದರೆ ಅದಕ್ಕೆ ನಿಜವಾದ ಕಾರಣವಿತ್ತು. ಆ ಪ್ರಶ್ನೆ ಈ ಸಲವೂ ಬಂದೇ ಬರುತ್ತದೆ, ಮತ್ತು ಅದಕ್ಕೆ ಉತ್ತರ ಸಿದ್ಧವಿರಲಿಲ್ಲ. ಮೊದಲ ಭೇಟಿಯಲ್ಲಿ ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿಸಿದೆವು. ಮೊದಲನೆಯದರಲ್ಲಿ ಸಮಿತಿಯವರು ಕೇಳಿದ್ದು, ಅವರದೇ ಮಾತಿನಲ್ಲಿ. ಎರಡನೆಯದರಲ್ಲಿ ಆಕೆಗೆ ಕೇಳಿಸಿದ್ದು. ಮೂರನೆಯದರಲ್ಲಿ ನಿರ್ಧಾರ ಮಾಡಲು ಸಮಿತಿಯವರಿಗೆ ಬೇಕಿದ್ದದ್ದು. ಖಾತ್ರಿಯ ಪ್ರಶ್ನೆಯ ಎದುರು ಎರಡನೇ ಕಾಲಂನಲ್ಲಿ ಆಕೆ ಬರೆದದ್ದು, "ನಿನ್ನ ಕೈಲಿ ಆಗಲ್ಲ". ಮೂರನೇ ಕಾಲಂ ತುಂಬಲು ಬಹಳ ಹೊತ್ತು ಹಿಡಿಯಿತು. ಕೊನೆಗೆ ಬರೆದರು, "ಹೆಚ್ಚುವರಿ ಹಣ ಕೇಳುವ ಪರಿಸ್ಥಿತಿ ಬಂದರೆ ನನಗೆ ಯಾವಾಗ ಗೊತ್ತಾಗುತ್ತದೆ, ತಡೆಯುವ ಅಧಿಕಾರ ಯಾರ ಕೈಲಿರುತ್ತದೆ". ಹಿಂದಿನ ವರ್ಷ ಅವರು ಎರಡನೇ ಕಾಲಂಗೆ ಉತ್ತರ ಕೊಟ್ಟಿದ್ದರು. ಸಮಿತಿಗೆ ಬೇಕಿದ್ದದ್ದು ಮೂರನೆಯದರ ಉತ್ತರ.

ಆಮೇಲೆ ಆಕ್ಷೇಪಗಳನ್ನು ಕಲೆಹಾಕುವ ಕೆಲಸ. ತಾವೇ ಕುಳಿತು ಊಹಿಸಿದ ಪಟ್ಟಿಯಲ್ಲಿ ಹನ್ನೊಂದಿದ್ದವು. ಇವನ್ನೆಲ್ಲ ಹೇಳುತ್ತ ಹೋದರೆ ಯಾರಿಗೂ ಇಲ್ಲದ ಅನುಮಾನವನ್ನು ನಾವೇ ಬಿತ್ತಿದಂತೆ. ಹಾಗಾಗಿ ಸಮಿತಿಯ ಇಬ್ಬರನ್ನು ಮುಂಚೆಯೇ ಭೇಟಿಯಾಗಿ, "ಈ ಪ್ರಸ್ತಾವಕ್ಕೆ ನೀವು ಒಪ್ಪಿಗೆ ಕೊಡದಿರಲು ಒಂದೇ ಕಾರಣ ಇದ್ದರೆ ಅದು ಯಾವುದು?" ಎಂದು ಕೇಳಲು ಹೇಳಿದೆವು. "ನಿಮ್ಮ ಅಭಿಪ್ರಾಯವೇನು" ಎಂದು ಕೇಳಿದರೆ ಮರ್ಯಾದೆಯ ಉತ್ತರ ಬರುತ್ತದೆ. ಕಾರಣ ಕೇಳಿದರೆ ಕಾರಣ ಬರುತ್ತದೆ. ಅಲ್ಲಿ ಅವರು ವಾದ ಮಾಡಕೂಡದು, ಬರೆದುಕೊಂಡು ಬರಬೇಕು ಅಷ್ಟೇ. ಕೊನೆಗೆ ಉಳಿದವು ಮೂರು: ರಿಪೇರಿ ಮಾಡಿಸಿಕೊಂಡೇ ನಡೆಸಬಹುದಲ್ಲ, ಒಂದು ವರ್ಷ ಕಾಯಬಹುದಲ್ಲ, ಮತ್ತೆ ಅಂದಾಜು ಮೀರುತ್ತದಲ್ಲ. ಉಳಿದ ಎಂಟರ ಉತ್ತರ ಅನುಬಂಧಕ್ಕೆ ಹೋಯಿತು. ಮುಕ್ತಾಯಕ್ಕೆ ಸಿಗುವುದು ಸುಮಾರು ಮೂರು ನಿಮಿಷ. ಮೂರಕ್ಕಿಂತ ಹೆಚ್ಚು ಆಕ್ಷೇಪ ಅದರಲ್ಲಿ ಹಿಡಿಸುವುದಿಲ್ಲ.

ಆಕ್ಷೇಪ ಎತ್ತಿದ ಮೇಲೆ ಅದಕ್ಕೆ ಪೂರ್ತಿ ಉತ್ತರ ಕೊಡಲೇಬೇಕು. ಎದುರು ವಾದವನ್ನು ಮೊದಲೇ ಸಣ್ಣ ಪ್ರಮಾಣದಲ್ಲಿ, ಉತ್ತರದ ಸಮೇತ ಕೇಳಿಸಿಕೊಂಡವರು ಆಮೇಲೆ ಅದೇ ವಾದ ಜೋರಾಗಿ ಬಂದಾಗ ಸುಲಭವಾಗಿ ಅಲುಗುವುದಿಲ್ಲ ಎಂಬುದನ್ನು ಮನಃಶಾಸ್ತ್ರಜ್ಞ ವಿಲಿಯಂ ಮೆಕ್‌ಗ್ವೈರ್ 1960ರ ದಶಕದ ಆರಂಭದಲ್ಲೇ ಪ್ರಯೋಗಗಳಿಂದ ತೋರಿಸಿದ್ದರು. ಆಕ್ಷೇಪವನ್ನು ಹೆಸರಿಸಿ ಉತ್ತರಿಸದೆ ಬಿಟ್ಟರೆ, ಸುಮ್ಮನಿದ್ದುದಕ್ಕಿಂತ ಕೆಟ್ಟ ಫಲ ಸಿಗುತ್ತದೆ. ನಮ್ಮ ಶಾಸ್ತ್ರಗ್ರಂಥಗಳ ಪೂರ್ವಪಕ್ಷದ ಪದ್ಧತಿಯೂ ಇದೇ: ಎದುರಾಳಿಯೇ ತಲೆಯಾಡಿಸುವಷ್ಟು ನ್ಯಾಯವಾಗಿ ಅವನ ವಾದವನ್ನು ಮಂಡಿಸಿ, ಆಮೇಲೆ ತನ್ನದನ್ನು ಹೇಳುವುದು.

ಒಂದೊಂದು ಆಕ್ಷೇಪಕ್ಕೂ ನಾಲ್ಕು ಸಾಲಿನ ಅಚ್ಚು ಹಾಕಿಕೊಟ್ಟೆವು. ಮೊದಲ ಸಾಲಿನಲ್ಲಿ ಆಕ್ಷೇಪ, ಅದರ ಗಟ್ಟಿ ರೂಪದಲ್ಲಿ. ಎರಡನೆಯದರಲ್ಲಿ ಅದರಲ್ಲಿರುವ ನಿಜವನ್ನು ಒಪ್ಪಿಕೊಳ್ಳುವುದು. ಮೂರನೆಯದರಲ್ಲಿ ಉತ್ತರ, ಒಂದೇ ಒಂದು ಅಂಕಿ ಮತ್ತು ಅದು ಯಾವ ಪುಟದಲ್ಲಿದೆ ಎಂಬ ಸುಳಿವಿನೊಂದಿಗೆ. ನಾಲ್ಕನೆಯದರಲ್ಲಿ ಉತ್ತರದ ಮಿತಿ, ಅಂದರೆ ಯಾವ ಸಂದರ್ಭದಲ್ಲಿ ಈ ಮಾತು ನಿಲ್ಲುವುದಿಲ್ಲ ಎಂಬುದು. ನಾಲ್ಕನೇ ಸಾಲನ್ನು ಬಿಟ್ಟುಬಿಡೋಣವೇ ಎಂದು ಆಕೆ ಕೇಳಿದರು. ಬಿಡಬಾರದು. ಮಿತಿಯನ್ನು ನಾವು ಹೇಳದಿದ್ದರೆ ಅದೇ ಮೊದಲ ಪ್ರಶ್ನೆಯಾಗಿ ವಾಪಸು ಬರುತ್ತದೆ.

ರಿಪೇರಿಯ ಉತ್ತರದಲ್ಲಿ ಒಂದು ತಪ್ಪು ಸಿಕ್ಕಿತು. ಕಳೆದ ವರ್ಷ ರಿಪೇರಿಗೆ 26 ಪಾಲು ಹೋಗಿತ್ತು. "ಹೊಸ ಯಂತ್ರ ಬಂದರೆ ವರ್ಷಕ್ಕೆ 26 ಪಾಲು ಉಳಿತಾಯ" ಎಂದು ಬರೆದುಕೊಂಡಿದ್ದರು. ಹೊಸ ಯಂತ್ರಕ್ಕೂ ನಿರ್ವಹಣೆ ಬೇಕು. ಕೊಟೇಶನ್‌ನಲ್ಲೇ ಅದಕ್ಕೆ ವರ್ಷಕ್ಕೆ 4 ಪಾಲು ಎಂದಿತ್ತು. ನಿಜವಾದ ಉಳಿತಾಯ 22. ಹಾಕಿದ 100 ಪಾಲು ತಿರುಗಿ ಬರಲು ಸುಮಾರು ನಾಲ್ಕೂವರೆ ವರ್ಷ ಬೇಕು, ನಾಲ್ಕು ವರ್ಷ ಸಾಲದು. ಹಣಕಾಸಿನವರ ಕಣ್ಣಿಗೆ ಇಂಥ ತಪ್ಪು ತಕ್ಷಣ ಬೀಳುತ್ತದೆ. ಒಮ್ಮೆ ಬಿದ್ದರೆ ಉಳಿದ ಅಂಕಿಗಳ ಮೇಲೂ ನಂಬಿಕೆ ಹೋಗುತ್ತದೆ. ಅದಕ್ಕೇ ಮುಕ್ತಾಯದಲ್ಲಿ ಬರುವ ಪ್ರತಿ ಅಂಕಿಯನ್ನೂ ಸಮಿತಿಗೆ ಹೋದ ಪ್ರತಿಯ ಜೊತೆ ಬೆರಳಿಟ್ಟು ತಾಳೆ ನೋಡಲು ಹೇಳಿದೆವು. ಪ್ರತಿಯಲ್ಲಿಲ್ಲದ ಹೊಸ ಅಂಕಿ ಕೊನೆಯ ಮೂರು ನಿಮಿಷದಲ್ಲಿ ಬರಲೇಬಾರದು.

ಕಠಿಣವಾದದ್ದು ಮೂರನೆಯ ಆಕ್ಷೇಪ. ಹಿಂದಿನ ಯೋಜನೆ ನೂರಕ್ಕೆ 18ರಷ್ಟು ಮೀರಿತ್ತು. ಆ ಅಂಕಿಯನ್ನು ತಾನೇ ಬಾಯಿಬಿಟ್ಟು ಹೇಳುವುದು ಆಕೆಗೆ ಬಹಳ ಕಷ್ಟವಾಯಿತು. ಕಾರಣ ಹುಡುಕಿದಾಗ, ಹೆಚ್ಚಳದ ಬಹುಪಾಲು ನೆಲ ಗಟ್ಟಿ ಮಾಡಿಸಿದ್ದಕ್ಕೂ ವೈರಿಂಗ್ ಬದಲಿಸಿದ್ದಕ್ಕೂ ಆಗಿತ್ತು. ಆಗ ಜಾಗದ ತಪಾಸಣೆಯೇ ನಡೆದಿರಲಿಲ್ಲ. ಈ ಸಲ ತಪಾಸಣೆ ಮುಗಿದಿತ್ತು, ಆ ಖರ್ಚು ಪ್ರಸ್ತಾವದೊಳಗೇ ಇತ್ತು. ಇದರ ಮೇಲೆ, ಮೀಸಲು ಹಣವನ್ನು ಹಣಕಾಸು ವಿಭಾಗದ ಲಿಖಿತ ಒಪ್ಪಿಗೆ ಇಲ್ಲದೆ ಮುಟ್ಟುವುದಿಲ್ಲ ಎಂಬ ಷರತ್ತನ್ನು ತಾವೇ ಸೇರಿಸಿದರು. ಕಾಲಂ ಹಾಳೆಯ ಮೂರನೇ ಕಾಲಂಗೆ ಅಲ್ಲಿ ಉತ್ತರ ಸಿಕ್ಕಿತು.

ಅನುಕ್ರಮದ ಬಗ್ಗೆ ನಮ್ಮ ಸಲಹೆ ಹೀಗಿತ್ತು: ಕಠಿಣವಾದದ್ದನ್ನು ಮೊದಲು ಹೇಳಿ. ಕೊನೆಗಿಟ್ಟರೆ ಕೇಳುವವರ ತಲೆಯಲ್ಲಿ ಅದೇ ತಿರುಗುತ್ತಿರುತ್ತದೆ, ನಡುವಿನ ಮಾತು ಕಿವಿಗೆ ಬೀಳುವುದಿಲ್ಲ. ಮೂರೂ ಮುಗಿದ ಮೇಲೆ ಮತ್ತೆ ಸಾರಾಂಶ ಬೇಡ. ಏನನ್ನು ಮಂಜೂರು ಮಾಡಬೇಕು, ಯಾವ ದಿನಾಂಕದೊಳಗೆ ಎಂದು ಒಂದೇ ವಾಕ್ಯ ಸಾಕು.

ನಾಲ್ಕು ಸಲ ತಿದ್ದಿದ ಮೇಲೆ ನಿಂತ ಪಠ್ಯ ಇದು:

"ಪ್ರಶ್ನೆಗಳಿಗೆ ಹೋಗುವ ಮುಂಚೆ, ಈ ಪ್ರಸ್ತಾವದ ಬಗ್ಗೆ ನ್ಯಾಯವಾಗಿ ಏಳಬಹುದಾದ ಮೂರು ಅನುಮಾನಗಳನ್ನು ನಾನೇ ಮುಂದಿಡುತ್ತೇನೆ.

ಮೊದಲನೆಯದು, ನಮ್ಮ ವಿಭಾಗದ ಹಿಂದಿನ ಯೋಜನೆ ಅಂದಾಜಿಗಿಂತ ನೂರಕ್ಕೆ 18ರಷ್ಟು ಹೆಚ್ಚಾಯಿತು. ಅದು ನಿಜ, ಅಂದಾಜು ನಮ್ಮದೇ. ಜಾಗದ ತಪಾಸಣೆ ಮಾಡದೆ ಲೆಕ್ಕ ಹಾಕಿದ್ದೆವು. ಈ ಸಲ ತಪಾಸಣೆ ಆಗಿದೆ, ವರದಿ ಆರನೇ ಪುಟದಲ್ಲಿದೆ, ಆ ಕೆಲಸದ ಖರ್ಚು ಈ ಮೊತ್ತದಲ್ಲೇ ಸೇರಿದೆ. ಮೀಸಲು 5 ಪಾಲನ್ನು ಹಣಕಾಸು ವಿಭಾಗದ ಲಿಖಿತ ಒಪ್ಪಿಗೆಯಿಲ್ಲದೆ ಬಳಸುವುದಿಲ್ಲ. ಕೊಟೇಶನ್‌ನ ಅವಧಿ ಮೀರಿದ ಮೇಲೆ ಯಂತ್ರದ ಬೆಲೆಯೇ ಏರಿದರೆ, ಅದು ನನ್ನ ಹತೋಟಿಯಲ್ಲಿಲ್ಲ.

ಎರಡನೆಯದು, ರಿಪೇರಿ ಮಾಡಿಸಿಕೊಂಡು ನಡೆಸಬಹುದು. ನಡೆಸಬಹುದು, ಇಷ್ಟು ದಿನ ನಡೆಸಿದ್ದೇವೆ. ಹೊಸದರ ನಿರ್ವಹಣೆ ಕಳೆದು ನೋಡಿದರೆ ಹಳೆಯದಕ್ಕೆ ವರ್ಷಕ್ಕೆ 22 ಪಾಲು ಹೆಚ್ಚು ಹೋಗುತ್ತಿದೆ. ಸುಮಾರು ನಾಲ್ಕೂವರೆ ವರ್ಷದಲ್ಲಿ ಹಾಕಿದ್ದು ತಿರುಗಿ ಬರುತ್ತದೆ. ಅದಕ್ಕೂ ಮೊದಲೇ ಈ ಕೆಲಸವನ್ನು ಹೊರಗಿನವರಿಗೆ ಕೊಡುವ ಯೋಚನೆ ಸಂಸ್ಥೆಗಿದ್ದರೆ, ರಿಪೇರಿಯೇ ಸರಿ.

ಮೂರನೆಯದು, ಒಂದು ವರ್ಷ ಕಾಯಬಹುದು. ಕಾದರೆ ಈ ಹಣ ಬೇರೆ ಕೆಲಸಕ್ಕೆ ಒದಗುತ್ತದೆ, ಒಪ್ಪುತ್ತೇನೆ. ಆ ವರ್ಷದ ರಿಪೇರಿಯ ಹೆಚ್ಚುವರಿ 22 ಪಾಲು ಮಾತ್ರ ವಾಪಸು ಬರುವುದಿಲ್ಲ. ಬೇರೆ ಕೆಲಸದಿಂದ ಅದಕ್ಕಿಂತ ಹೆಚ್ಚಿನ ಲಾಭವಿದ್ದರೆ ಕಾಯುವುದೇ ಲೇಸು.

ಈ ತಿಂಗಳ ಕೊನೆಯೊಳಗೆ 100 ಪಾಲನ್ನು ಮಂಜೂರು ಮಾಡಬೇಕೆಂದು ಕೋರುತ್ತೇನೆ."

ತಿದ್ದಿದ್ದರಲ್ಲಿ ಹೆಚ್ಚು ಕೆಲಸ ಹಿಡಿದದ್ದು 'ಆದರೆ' ಎಂಬ ಮಾತು. "ಅದು ನಿಜ, ಆದರೆ" ಎಂದ ಕೂಡಲೇ ಒಪ್ಪಿಗೆ ಅಳಿಸಿಹೋಗಿ ಸಮರ್ಥನೆ ಮಾತ್ರ ಉಳಿಯುತ್ತದೆ. ಒಪ್ಪಿಗೆಯ ವಾಕ್ಯಕ್ಕೆ ಪೂರ್ಣವಿರಾಮ ಹಾಕಿ, ಒಂದು ಉಸಿರು ತೆಗೆದುಕೊಂಡು, ಉತ್ತರವನ್ನು ಹೊಸ ವಾಕ್ಯದಲ್ಲಿ ಶುರುಮಾಡಲು ಹೇಳಿದೆವು. "ನೀವು ಹೀಗೆ ಕೇಳಬಹುದು" ಎಂಬುದನ್ನೂ ತೆಗೆಸಿದೆವು. ಅದು ಸಮಿತಿಯತ್ತ ಬೊಟ್ಟು ಮಾಡಿದಂತೆ ಕೇಳುತ್ತದೆ. ಮುಂಚಿತ ಭೇಟಿಯಲ್ಲಿ ಆಕ್ಷೇಪ ಹೇಳಿದವರ ಹೆಸರು ಎತ್ತುವುದಂತೂ ಕೂಡದು. ಎಲ್ಲರೆದುರು ಹೆಸರು ಬಂದರೆ ಅವರು ತಮ್ಮ ಮಾತಿಗೆ ಅಂಟಿಕೊಂಡುಬಿಡುತ್ತಾರೆ.

ಅಭ್ಯಾಸವನ್ನು ಮೂರನೇ ಭೇಟಿಯಲ್ಲಿ ನಿಂತುಕೊಂಡೇ ಮಾಡಿಸಿದೆವು, ಗಡಿಯಾರ ಎದುರಿಗಿಟ್ಟು. 18ರ ಅಂಕಿ ಬಂದಾಗಲೆಲ್ಲ ಮಾತು ಓಡುತ್ತಿತ್ತು, ಕಣ್ಣು ಕಾಗದಕ್ಕೆ ಇಳಿಯುತ್ತಿತ್ತು. ಅದೊಂದೇ ವಾಕ್ಯವನ್ನು, ಮುಖ ಎತ್ತಿ, ವೇಗ ಏರದ ತನಕ ಹೇಳಿಸಿದೆವು. ಪೂರ್ತಿ ಪಠ್ಯದ ಬಾಯಿಪಾಠ ಬೇಡವೆಂದೆವು. ಮೂರು ಆಕ್ಷೇಪಗಳ ಮೊದಲ ಸಾಲು ಮತ್ತು ಕೊನೆಯ ಕೋರಿಕೆ ಬಾಯಿಗೆ ಬಂದರೆ ಸಾಕು, ಅಂಕಿಗಳು ಚೀಟಿಯಲ್ಲಿರಲಿ. ಕೋರಿಕೆ ಆದ ಮೇಲೆ ಸುಮ್ಮನೆ ನಿಲ್ಲುವುದನ್ನೂ ಅಭ್ಯಾಸ ಮಾಡಬೇಕಾಯಿತು. ಆ ಮೌನ ತುಂಬಲು ಹೋಗಿ ಹೇಳಿದ ಇನ್ನೊಂದು ವಾಕ್ಯ ಸಾಮಾನ್ಯವಾಗಿ ನಾಲ್ಕನೇ ಆಕ್ಷೇಪವನ್ನು ತಂದುಕೊಡುತ್ತದೆ.

ಊಹಿಸದ ಪ್ರಶ್ನೆ ಬಂದರೆ ಏನು ಮಾಡಬೇಕೆಂದೂ ಮಾತಾಡಿದೆವು. ಗೊತ್ತಿರುವಷ್ಟು ಹೇಳಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ, ಯಾವ ದಿನದೊಳಗೆ ಯಾರಿಗೆ ಬರೆದು ಕೊಡುತ್ತೀರೆಂದು ಹೇಳಿ.

ಸಭೆಯಲ್ಲಿ ಖಾತ್ರಿಯ ಪ್ರಶ್ನೆ ಏಳಲಿಲ್ಲ. ಹಣಕಾಸು ಮುಖ್ಯಸ್ಥರು ಆರನೇ ಪುಟ ತೆರೆದು, ತಪಾಸಣೆ ಮಾಡಿದ್ದು ಯಾರು ಎಂದಷ್ಟೇ ಕೇಳಿದರು. ಯಾರೂ ಎಣಿಸದ ಪ್ರಶ್ನೆ ಬೇರೆ ಕಡೆಯಿಂದ ಬಂತು: ಹಳೆಯದನ್ನು ಕಳಚಿ ಹೊಸದನ್ನು ಕೂರಿಸುವ ದಿನಗಳಲ್ಲಿ ಕೆಲಸ ನಡೆಯುವುದು ಹೇಗೆ? ಅದಕ್ಕೆ ಲೆಕ್ಕ ಸಿದ್ಧವಿರಲಿಲ್ಲ. ಗುರುವಾರದೊಳಗೆ ಕೆಲಸದ ವೇಳಾಪಟ್ಟಿಯನ್ನು ಬರೆದು ಕಳಿಸುತ್ತೇನೆ ಎಂದರು, ಬುಧವಾರ ಕಳಿಸಿದರು. ಯಂತ್ರಕ್ಕೂ ಕೂರಿಸುವ ಖರ್ಚಿಗೂ ಒಪ್ಪಿಗೆ ಸಿಕ್ಕಿತು. ತರಬೇತಿಯ 9 ಪಾಲನ್ನು ಮುಂದಿನ ವರ್ಷಕ್ಕೆ ಹಾಕಿದರು. ಕೊನೆಯ ಭೇಟಿಗೆ ಬಂದಾಗ ಆಕೆ ಆ 9 ಪಾಲಿಗೆ ಮೂರು ಕಾಲಂ ಹಾಕಿದ ಹಾಳೆಯನ್ನು ತಾವೇ ಬರೆದು ತಂದಿದ್ದರು.