ಗೇಮಿಂಗ್ ಪಿಸಿಗೆ ಯುಪಿಎಸ್: ಮೊದಲು ವ್ಯಾಟ್ ನೋಡಿ, ಜೊತೆಗೆ ಅರ್ಥಿಂಗ್ ನೋಡಿ

ಪ್ರಶ್ನೆ: "ಶಿರಸಿ ಹತ್ತಿರದ ಹಳ್ಳಿ. ರೈಜನ್ 5 5600, ಆರ್‌ಟಿಎಕ್ಸ್ 3060, 650 ವ್ಯಾಟ್ ಎಸ್‌ಎಂಪಿಎಸ್. 600 ವಿಎ ಯುಪಿಎಸ್ ಇದೆ. ಬ್ರೌಸರ್ ಮಾತ್ರ ತೆರೆದಿದ್ದಾಗ ಕರೆಂಟ್ ಹೋದ್ರೆ ಪಿಸಿ ಓಡ್ತಾನೇ ಇರುತ್ತೆ. ಗೇಮ್ ಆಡ್ತಿದ್ದಾಗ ಹೋದ್ರೆ ಯುಪಿಎಸ್ ಒಮ್ಮೆ ಕೂಗಿ ಎಲ್ಲಾ ಆಫ್. ಕ್ಯಾಬಿನೆಟ್ ಮುಟ್ಟಿದ್ರೆ ಜುಮ್ ಅನ್ನುತ್ತೆ. ಸಿಡಿಲಿನ ಹೆದರಿಕೆನೂ ಇದೆ. ದೊಡ್ಡ ಯುಪಿಎಸ್ ತಗೊಳ್ಳಲಾ, ಸರ್ಜ್ ಪ್ರೊಟೆಕ್ಟರ್ ಹಾಕಿದ್ರೆ ಸಾಕಾ?"

ತಮ್ಮಾ, ಇಲ್ಲಿ ಎರಡು ತೊಂದರೆ ಇವೆ. ಒಂದಕ್ಕೊಂದು ಸಂಬಂಧ ಇಲ್ಲ. ಗೇಮ್ ಆಡುವಾಗ ಆಫ್ ಆಗೋದು ಯುಪಿಎಸ್ ಸಾಲದೆ. ಕ್ಯಾಬಿನೆಟ್ ಜುಮ್ ಅನ್ನೋದು ಅರ್ಥಿಂಗ್ ಇಲ್ಲದೆ. ಎರಡನೆಯದನ್ನು ಇಲ್ಲಿ ಉತ್ತರ ಬರೆದವರು ಯಾರೂ ಗಮನಿಸಿದ ಹಾಗೆ ಕಾಣಲಿಲ್ಲ, ನನಗೆ ಅದೇ ಜಾಸ್ತಿ ಚಿಂತೆ.

ಮೊದಲು ಯುಪಿಎಸ್. ನಿನಗೆ ಉತ್ತರ ಬರೆದ ಕುಮಟಾದ ಅಣ್ಣ "650 ವ್ಯಾಟ್ ಎಸ್‌ಎಂಪಿಎಸ್ ಇದ್ದರೆ 650 ವ್ಯಾಟ್‌ಗಿಂತ ದೊಡ್ಡ ಯುಪಿಎಸ್ಸೇ ಬೇಕು" ಅಂದಿದ್ದಾರೆ. ವ್ಯಾಟ್ ನೋಡಬೇಕು ಅನ್ನೋದು ಸರಿ. ಆದರೆ 650 ಅನ್ನೋದು ಎಸ್‌ಎಂಪಿಎಸ್ ಕೊಡಬಲ್ಲ ಗರಿಷ್ಠ. ನಿನ್ನ ಪಿಸಿ ಎಳೆಯೋದು ಅಷ್ಟಲ್ಲ. 3060 ಕಾರ್ಡಿನ ಮಿತಿ 170 ವ್ಯಾಟ್. 5600 ಪ್ರೊಸೆಸರ್ ಪೂರ್ತಿ ದುಡಿದರೆ 75ರ ಆಸುಪಾಸು. ಬೋರ್ಡ್, ರ್‍ಯಾಮ್, ಎಸ್‌ಎಸ್‌ಡಿ, ಫ್ಯಾನ್ ಸೇರಿ 40 ಅಂತ ಹಿಡಿ. 285 ಆಯ್ತು. ಎಸ್‌ಎಂಪಿಎಸ್ ಒಳಗೇ ಒಂದಷ್ಟು ಬಿಸಿಯಾಗಿ ಹೋಗುತ್ತೆ, ಹಾಗಾಗಿ ಗೋಡೆಯ ಸಾಕೆಟ್‌ನಿಂದ ಎಳೆಯೋದು 320ರ ಹತ್ತಿರ. 24 ಇಂಚಿನ ಮಾನಿಟರ್‌ಗೆ 25, ರೌಟರ್‌ಗೆ 10. ಒಟ್ಟು ಸುಮಾರು 355 ವ್ಯಾಟ್.

ಈಗ ನಿನ್ನ ಯುಪಿಎಸ್ ಹಿಂದಿನ ಚೀಟಿ ನೋಡು. ಪೆಟ್ಟಿಗೆ ಮೇಲೆ ದೊಡ್ಡದಾಗಿ 600 ವಿಎ ಅಂತಿರುತ್ತೆ. ಚೀಟಿಯಲ್ಲಿ ಸಣ್ಣಕ್ಷರದಲ್ಲಿ 360 ವ್ಯಾಟ್ ಅಂತ ಇರುತ್ತೆ. 355ಕ್ಕೆ 360 ಅಂದ್ರೆ ಕುತ್ತಿಗೆ ತನಕ ನೀರು. ಅದರ ಮೇಲೆ ಗ್ರಾಫಿಕ್ಸ್ ಕಾರ್ಡ್ ಕ್ಷಣಮಾತ್ರ ತನ್ನ ಮಿತಿ ದಾಟಿ ಎಳೆಯುತ್ತೆ. ಕರೆಂಟ್ ಇದ್ದಾಗ ಅದು ಗೊತ್ತಾಗಲ್ಲ. ಬ್ಯಾಟರಿಗೆ ಬಂದ ಕೂಡಲೇ ಯುಪಿಎಸ್ ಓವರ್‌ಲೋಡ್ ಅಂತ ಕೂಗಿ ಕೈ ಬಿಡುತ್ತೆ. ಬ್ರೌಸರ್‌ನಲ್ಲಿ 100 ವ್ಯಾಟ್ ಒಳಗೇ ಇರೋದ್ರಿಂದ ಏನೂ ಆಗಲ್ಲ.

ಬ್ಯಾಟರಿ ಹಳೆಯದಾದರೂ ಹೀಗೇ ಆಗುತ್ತೆ, ಆದ್ದರಿಂದ ಹೊಸದು ತಗೊಳ್ಳೋ ಮುಂಚೆ ಒಂದು ಪರೀಕ್ಷೆ ಮಾಡು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆದು ಕಾರ್ಡಿನ ಮಿತಿ ಇಳಿಸು:

```
nvidia-smi -pl 120
```

ಪಿಸಿ ರೀಸ್ಟಾರ್ಟ್ ಮಾಡಿದರೆ ಮಿತಿ ಮೊದಲಿನ ಹಾಗೇ ಆಗುತ್ತೆ. ಈಗ ಆಟ ಸೇವ್ ಮಾಡಿ, ಗೇಮ್ ಓಡ್ತಿರುವಾಗಲೇ ಯುಪಿಎಸ್ ಹಾಕಿದ ಸಾಕೆಟ್‌ನ ಸ್ವಿಚ್ ಆಫ್ ಮಾಡು. ಪ್ಲಗ್ ಕೀಳಬೇಡ. ಕಿತ್ತರೆ ಅರ್ಥ್ ಕೂಡ ಹೋಗುತ್ತೆ. 120ಕ್ಕೆ ಇಳಿಸಿದಾಗ ಮೂರು-ನಾಲ್ಕು ನಿಮಿಷ ಓಡಿದರೆ ಬ್ಯಾಟರಿ ಬದುಕಿದೆ, ಯುಪಿಎಸ್ಸೇ ಚಿಕ್ಕದು. ಆಗಲೂ ತಕ್ಷಣ ಆಫ್ ಆದರೆ ಒಳಗಿನ 12 ವೋಲ್ಟ್ 7 ಎಎಚ್ ಬ್ಯಾಟರಿ ಮುಗಿದಿದೆ ಅಂತ ಅನುಮಾನ ಪಡು. ಅದು ಸಾಮಾನ್ಯವಾಗಿ ಬರೋದು ಎರಡು-ಮೂರು ವರ್ಷ. ಕಾರವಾರದ ಸೆಕೆಯಲ್ಲಿ ಮುಚ್ಚಿದ ಮೇಜಿನ ಕೆಳಗೆ ಇಟ್ಟರೆ ಇನ್ನೂ ಬೇಗ ಹೋಗುತ್ತೆ.

ಹೊಸದು ತಗೊಳ್ಳೋದಾದರೆ 1000 ವಿಎ, 600 ವ್ಯಾಟ್‌ನದು ನಿನಗೆ ಸಾಕು. ವ್ಯಾಟ್ ಎಷ್ಟು ಅಂತಲೇ ಕೇಳು, ಯಾಕಂದ್ರೆ ಒಂದೇ ವಿಎ ಇದ್ದರೂ ಕಂಪನಿಯಿಂದ ಕಂಪನಿಗೆ ವ್ಯಾಟ್ ಬೇರೆ ಇರುತ್ತೆ. ಒಳಗೆ ಎರಡು 7 ಎಎಚ್ ಬ್ಯಾಟರಿ ಇದ್ದರೆ ನಿನ್ನ ಲೋಡಿಗೆ ಹೊಸದರಲ್ಲಿ ಎಂಟು-ಹತ್ತು ನಿಮಿಷ ಸಿಗಬಹುದು. ಅದು ಮ್ಯಾಚ್ ಮುಗಿಸೋಕಲ್ಲ, ಸೇವ್ ಮಾಡಿ ಸರಿಯಾಗಿ ಶಟ್‌ಡೌನ್ ಮಾಡೋಕೆ.

ಯಲ್ಲಾಪುರದ ಅಕ್ಕ ತಮ್ಮ ಮನೆಯ ಇನ್ವರ್ಟರ್ ಬಂದಾಗ ಟಿವಿ ಒಮ್ಮೆ ಆಫ್ ಆಗಿ ಆನ್ ಆಗುತ್ತೆ ಅಂತ ಬರೆದಿದ್ದಾರೆ. ಇಲ್ಲಿ ಕೇಳಿದ್ದು ಅದಲ್ಲ, ಆದರೂ ಹೇಳ್ತೇನೆ. ಅಕ್ಕಾ, ಹೆಚ್ಚಿನ ಇನ್ವರ್ಟರ್‌ಗಳಲ್ಲಿ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತೆ. ಅದನ್ನು ಹಾಕಿದರೆ ಬದಲಾಗುವ ಸಮಯ ಕಡಿಮೆಯಾಗುತ್ತೆ. ಆದರೆ ಆ ಮೋಡ್‌ನಲ್ಲಿ ವೋಲ್ಟೇಜ್ 180ರ ಸುತ್ತ ಇಳಿದರೆ ಸಾಕು, ಇನ್ವರ್ಟರ್ ಬ್ಯಾಟರಿಗೆ ಹೋಗುತ್ತೆ. ಬೇಸಿಗೆಯಲ್ಲಿ ತೋಟದ ಪಂಪುಗಳೆಲ್ಲ ಒಟ್ಟಿಗೆ ಶುರುವಾದಾಗ ನಮ್ಮ ಕಡೆ 170 ಕೂಡ ಕಾಣೋದು ಹೊಸದೇನಲ್ಲ. ಆಗ ಇನ್ವರ್ಟರ್ ದಿನವಿಡೀ ಬ್ಯಾಟರಿ ತಿನ್ನುತ್ತೆ.

ಯುಪಿಎಸ್‌ಗೂ ಇದೇ ಕಾಟ ಇದೆ. ಲೈನ್ ಇಂಟರಾಕ್ಟಿವ್ ಯುಪಿಎಸ್ ಕಡಿಮೆ ವೋಲ್ಟೇಜನ್ನು ಬ್ಯಾಟರಿ ಮುಟ್ಟದೇ ಏರಿಸಿ ಕೊಡುತ್ತೆ. ಅದು ಮಾಡುವಾಗ ಒಳಗಿಂದ ಟಕ್ ಅಂತ ರಿಲೇ ಸದ್ದು ಬರುತ್ತೆ. 145 ವೋಲ್ಟ್ ತನಕ ತಡೆಯುವಂಥವು ಅಂಗಡಿಯಲ್ಲಿ ಸಿಗುತ್ತವೆ, ಈ ಅಂಕಿಯನ್ನೂ ಚೀಟಿಯಲ್ಲಿ ನೋಡಿಯೇ ತಗೋ. ಅದಕ್ಕಿಂತ ಕೆಳಗೆ ಇಳಿದರೆ ಪ್ರತಿ ಸಲ ಬ್ಯಾಟರಿ ಖರ್ಚಾಗುತ್ತೆ. ತುಂಬಿಕೊಳ್ಳೋಕೆ ಹೊತ್ತೇ ಸಿಗಲ್ಲ. ನಿಜವಾಗಿ ಕರೆಂಟ್ ಹೋದಾಗ ಯುಪಿಎಸ್ ಬರಿದಾಗಿರುತ್ತೆ. ಪಂಪ್ ಓಡುವ ಹೊತ್ತಿನಲ್ಲಿ ಒಂದು ವಾರ ವೋಲ್ಟೇಜ್ ಬರೆದಿಟ್ಟುಕೋ. ಅಷ್ಟು ಕೆಳಗೆ ಹೋಗ್ತಿದ್ದರೆ ಮನೆಗೇ ಸ್ಟೆಬಿಲೈಸರ್ ಹಾಕಿಸೋದು, ಟ್ರಾನ್ಸ್‌ಫಾರ್ಮರ್ ಬಗ್ಗೆ ಹೆಸ್ಕಾಂ ಸೆಕ್ಷನ್ ಆಫೀಸಿಗೆ ಅರ್ಜಿ ಕೊಡೋದು, ಎರಡೂ ಬೇಕಾಗುತ್ತೆ. ಬರೆದಿಟ್ಟ ಅಂಕಿ ಅರ್ಜಿಗೂ ಉಪಯೋಗಕ್ಕೆ ಬರುತ್ತೆ.

ಈಗ ಆ ಜುಮ್ ವಿಷಯ. ಎಸ್‌ಎಂಪಿಎಸ್ ಒಳಗೆ ಫೇಸ್‌ನಿಂದ ಮತ್ತು ನ್ಯೂಟ್ರಲ್‌ನಿಂದ ಕ್ಯಾಬಿನೆಟ್‌ಗೆ ಸಣ್ಣ ಕೆಪಾಸಿಟರ್‌ಗಳು ಇರುತ್ತವೆ. ಅರ್ಥ್ ಸರಿ ಇದ್ದರೆ ಆ ಸಣ್ಣ ಸೋರಿಕೆ ನೆಲಕ್ಕೆ ಹೋಗುತ್ತೆ. ಅರ್ಥ್ ಇಲ್ಲದಿದ್ದರೆ ಕ್ಯಾಬಿನೆಟ್ ಅರ್ಧ ವೋಲ್ಟೇಜಿನಲ್ಲಿ, 110ರ ಸುತ್ತ ತೇಲುತ್ತೆ. ಪಿಸಿ ಆನ್ ಇರುವಾಗಲೇ ಅದೇ ಬೋರ್ಡಿನ ಪಕ್ಕದ ಸಾಕೆಟ್‌ನಲ್ಲಿ ಎಲೆಕ್ಟ್ರಿಷಿಯನ್ ಹತ್ತಿರ ಮೀಟರ್ ಇಡಿಸು. ಫೇಸ್-ನ್ಯೂಟ್ರಲ್ 225 ಇದ್ದರೆ ಫೇಸ್-ಅರ್ಥ್ ಕೂಡ ಅದರ ಹತ್ತಿರವೇ ಇರಬೇಕು. ನ್ಯೂಟ್ರಲ್-ಅರ್ಥ್ ಎರಡು-ಮೂರು ವೋಲ್ಟ್ ಮೀರಬಾರದು. ಫೇಸ್-ಅರ್ಥ್ 110 ತೋರಿಸಿದರೆ ಆ ಮೂರನೇ ಪಿನ್ ಎಲ್ಲಿಗೂ ಹೋಗಿಲ್ಲ ಅಂತ ಅರ್ಥ.

ಮೀಟರ್ ಸರಿ ತೋರಿಸಿದ ಮಾತ್ರಕ್ಕೆ ಅರ್ಥಿಂಗ್ ಗಟ್ಟಿ ಅಂತ ಅಲ್ಲ. ತಂತಿ ಒಂದೇ ಎಳೆ ಉಳಿದಿದ್ದರೂ ಮೀಟರ್ 225 ಅಂತಲೇ ಹೇಳುತ್ತೆ. ಎಲೆಕ್ಟ್ರಿಷಿಯನ್ ಫೇಸ್-ಅರ್ಥ್ ನಡುವೆ 100 ವ್ಯಾಟ್‌ನ ಹಳೇ ಕಾಲದ ಬಲ್ಬ್ ಹಾಕಿ ನೋಡಲಿ. ಮಂಕಾದರೆ ಅರ್ಥಿಂಗ್ ಬಲಹೀನ. ಮನೆಯಲ್ಲಿ ಸೋರಿಕೆ ಕಂಡರೆ ಕರೆಂಟ್ ಕಡಿಯುವ ಆರ್‌ಸಿಸಿಬಿ ಇದ್ದರೆ ಅದು ಟ್ರಿಪ್ ಆಗುತ್ತೆ, ಆಗಲೇಬೇಕು. ಈ ಪರೀಕ್ಷೆ ನೀನೇ ಮಾಡೋಕೆ ಹೋಗಬೇಡ.

ನಮ್ಮ ಚಿರೆಕಲ್ಲಿನ ನೆಲ ಮಾರ್ಚ್-ಏಪ್ರಿಲ್‌ನಲ್ಲಿ ಒಣಗಿ ಅರ್ಥಿಂಗ್ ಕೆಡುತ್ತೆ. ಸಿಡಿಲು ಬರೋದೂ ಸರಿಯಾಗಿ ಆಗಲೇ, ಏಪ್ರಿಲ್-ಮೇ ಸಂಜೆ. ಪೈಪಿನ ಸುತ್ತ ಇದ್ದಿಲು-ಉಪ್ಪು ಹಾಕಿದ ಗುಂಡಿ ಇದ್ದರೆ ಬೇಸಿಗೆಯಲ್ಲಿ ನೀರು ಹಾಕ್ತಾ ಇರಬೇಕು. ಕರಾವಳಿಯವರು ಪೈಪಿನ ತಲೆಯಲ್ಲಿರುವ ಕ್ಲ್ಯಾಂಪ್ ಬಿಚ್ಚಿ ನೋಡಿ. ಉಪ್ಪುಗಾಳಿಗೆ ತಾಮ್ರ ಹಸಿರಾಗಿ, ಬೋಲ್ಟ್ ತುಕ್ಕು ಹಿಡಿದು ಅಲ್ಲೇ ಸಂಪರ್ಕ ಹೋಗಿರುತ್ತೆ.

ಕಂಪ್ಯೂಟರ್‌ಗೆ ಅಂತ ಪ್ರತ್ಯೇಕ ಗುಂಡಿ ತೋಡಿ ಬರೀ ಆ ಸಾಕೆಟ್‌ಗೆ ಕೊಡೋದು ನಮ್ಮ ಕಡೆ ರೂಢಿ. ದಯವಿಟ್ಟು ಹಾಗೆ ಮಾಡಬೇಡ. ಹತ್ತಿರದಲ್ಲಿ ಸಿಡಿಲು ಬಿದ್ದಾಗ ಎರಡು ಗುಂಡಿಗಳ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಬರಬಹುದು. ಅದು ಹಾದುಹೋಗೋದು ನಿನ್ನ ಪಿಸಿ ಮೂಲಕ. ಹೊಸ ಗುಂಡಿ ತೋಡಿದರೆ ಹಳೆಯದಕ್ಕೆ ದಪ್ಪ ತಂತಿಯಲ್ಲಿ ಜೋಡಿಸಲೇಬೇಕು.

ಇದಾದ ಮೇಲೆ ಸರ್ಜ್ ಪ್ರೊಟೆಕ್ಟರ್ ಮಾತು. ಅಂಕೋಲಾದ ಗೆಳೆಯರು "ಒಳ್ಳೇ ಸರ್ಜ್ ಬೋರ್ಡ್ ಇದ್ದರೆ ಅರ್ಥಿಂಗ್ ತಲೆನೋವು ಇಲ್ಲ" ಅಂದಿದ್ದು ಅರ್ಧ ಸರಿ. ಒಳಗಿರೋದು ಎಂಒವಿ ಅನ್ನೋ ಸಣ್ಣ ಬಿಲ್ಲೆಗಳು. ಫೇಸ್-ನ್ಯೂಟ್ರಲ್ ನಡುವಿನ ಬಿಲ್ಲೆ ಅರ್ಥ್ ಇಲ್ಲದೆಯೂ ಕೆಲಸ ಮಾಡುತ್ತೆ. ಆದರೆ ಸಿಡಿಲಿನ ಹೊಡೆತ ಹೆಚ್ಚಾಗಿ ಎರಡೂ ತಂತಿಯಲ್ಲಿ ಒಟ್ಟಿಗೆ ಬರುತ್ತೆ. ಅದನ್ನು ಇಳಿಸೋಕೆ ನೆಲವೇ ಬೇಕು. ಬಿಲ್ಲೆ ಪ್ರತಿ ಹೊಡೆತಕ್ಕೂ ಸ್ವಲ್ಪ ಸ್ವಲ್ಪ ಸಾಯುತ್ತೆ, ಹಾಗಾಗಿ ಪ್ರೊಟೆಕ್ಷನ್ ದೀಪ ಆರಿದ ಬೋರ್ಡ್ ಬರೀ ಎಕ್ಸ್‌ಟೆನ್ಷನ್ ಬೋರ್ಡ್ ಅಷ್ಟೇ. ಅದನ್ನು ಗೋಡೆ ಮತ್ತು ಯುಪಿಎಸ್ ನಡುವೆ ಹಾಕು. ಯುಪಿಎಸ್‌ನಿಂದ ಹೊರಗೆ ಬರುವ ಕಡೆ ಹಾಕಬೇಡ.

ನಾನಾಗಿದ್ದರೆ ಮೊದಲು ಮೇನ್ ಬೋರ್ಡಿಗೆ ಟೈಪ್ 2 ಎಸ್‌ಪಿಡಿ, ಅಂದ್ರೆ ಇಡೀ ಮನೆಗೆ ಒಂದು ಸರ್ಜ್ ಪ್ರೊಟೆಕ್ಟರ್ ಹಾಕಿಸ್ತೇನೆ. ಅದರ ತಂತಿಗಳು ಒಟ್ಟು ಅರ್ಧ ಮೀಟರ್ ಒಳಗಿರಲಿ, ಉದ್ದವಾದಷ್ಟೂ ಕಾಯುವ ಶಕ್ತಿ ಕಡಿಮೆ. ಅದರ ಮೇಲಿನ ಸಣ್ಣ ಕಿಟಕಿಯಲ್ಲಿ ಹಸಿರು ಹೋಗಿ ಕೆಂಪು ಬಂದರೆ ಬದಲಿಸಬೇಕು.

ಮಳೆಗಾಲದಲ್ಲಿ ಮರ ಬಿದ್ದು ನ್ಯೂಟ್ರಲ್ ತುಂಡಾಗೋದು ಬೇರೆಯೇ ಅಪಾಯ. ಆಗ 230 ಇರುವಲ್ಲಿ 300, 350 ಕೂಡ ಬರಬಹುದು, ಅದೂ ನಿಮಿಷಗಟ್ಟಲೆ. ಎಂಒವಿ ಇರೋದು ಕ್ಷಣದ ಹೊಡೆತಕ್ಕೆ. ಇಷ್ಟು ಹೊತ್ತು ತಡೆಯೋಕೆ ಹೋದರೆ ಅದೇ ಸುಡುತ್ತೆ. ಇದಕ್ಕೆ ಬೇಕಾದ್ದು 270ರ ಹತ್ತಿರ ಲೈನನ್ನೇ ಕಡಿಯುವ ಓವರ್ ವೋಲ್ಟೇಜ್ ಕಟ್ ಆಫ್. ಬಲ್ಬ್ ಇದ್ದಕ್ಕಿದ್ದಂತೆ ಜಾಸ್ತಿ ಬೆಳಗಿದರೆ, ಫ್ಯಾನ್ ಹುಚ್ಚು ಹಿಡಿದ ಹಾಗೆ ತಿರುಗಿದರೆ, ಯೋಚಿಸದೆ ಮೇನ್ ಆಫ್ ಮಾಡು.

ನೇರ ಸಿಡಿಲನ್ನು ಇದ್ಯಾವುದೂ ತಡೆಯಲ್ಲ. ಮೊದಲ ಗುಡುಗು ಕೇಳಿದ ಕೂಡಲೇ ಶಟ್‌ಡೌನ್ ಮಾಡಿ ಪ್ಲಗ್ ಕಿತ್ತಿಡು. ಪರೀಕ್ಷೆಗೆ ಸ್ವಿಚ್ ಸಾಕು ಅಂದೆ, ಇಲ್ಲಿ ಸಾಲದು. ಸ್ವಿಚ್ ಕಡಿಯೋದು ಫೇಸ್ ಒಂದನ್ನೇ. ಲ್ಯಾನ್ ವೈರನ್ನೂ ತೆಗಿ. ಮನೆ ತನಕ ಫೈಬರ್ ಬಂದಿದ್ದರೆ ಭಯ ಕಡಿಮೆ. ಆದರೆ ಪಕ್ಕದ ಮನೆಯಿಂದ ಅಡಿಕೆ ಮರದ ಮೇಲೆ ತಾಮ್ರದ ಲ್ಯಾನ್ ವೈರ್ ಎಳೆದವರು ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಪಿಸಿ ಚೆನ್ನಾಗಿಯೇ ಓಡ್ತಿದೆ, ಲ್ಯಾನ್ ಪೋರ್ಟ್ ಮಾತ್ರ ಸತ್ತಿದೆ ಅಂದ್ರೆ ಹೊಡೆತ ಬಂದಿದ್ದು ಹೆಚ್ಚಾಗಿ ಆ ದಾರಿಯಿಂದ. ಅಂಥ ಕಡೆ ಪಿಸಿಗೆ ವೈಫೈ ಬಳಸೋದೇ ಕ್ಷೇಮ.

ಬ್ಯಾಟರಿಯಲ್ಲೂ ಗೋಡೆಯ ಕರೆಂಟಿನ ಹಾಗೇ ನುಣುಪಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್ ಯುಪಿಎಸ್ಸೇ ಬೇಕಾ ಅನ್ನೋ ಜಗಳ ಇಲ್ಲಿನ ಉತ್ತರಗಳಲ್ಲಿ ನಡೆದಿದೆ. ಅದನ್ನು ನಾನೂ ಮುಗಿಸಲಾರೆ. ಕರೆಂಟನ್ನು ಸಮವಾಗಿ ಎಳೆಯುವ ಆಕ್ಟಿವ್ ಪಿಎಫ್‌ಸಿ ಸರ್ಕ್ಯೂಟ್ ಇರುವ ಕೆಲವು ಎಸ್‌ಎಂಪಿಎಸ್‌ಗಳು ಸಾದಾ ಯುಪಿಎಸ್‌ನ ಚೌಕದಂಥ ಅಲೆಗೆ ಆಫ್ ಆಗುತ್ತವೆ. ಎಷ್ಟೋ ಎಸ್‌ಎಂಪಿಎಸ್‌ಗಳು ಏನೂ ಆಗದೆ ಓಡುತ್ತವೆ. ಪ್ಯೂರ್ ಸೈನ್‌ನದಕ್ಕೆ ಬೆಲೆ ಸಾಕಷ್ಟು ಜಾಸ್ತಿ. ಅದಕ್ಕೇ ಅಂಗಡಿಯವರ ಹತ್ತಿರ ವಾಪಸ್ ತಗೊಳ್ಳೋ ಮಾತು ಮೊದಲೇ ಆಡಿಕೊಂಡು 600 ವ್ಯಾಟ್‌ನ ಸಾದಾ ಯುಪಿಎಸ್ ತಾ. ರಾತ್ರಿಯೆಲ್ಲಾ ಚಾರ್ಜ್ ಆಗಲಿ. ಮರುದಿನ ಕಾರ್ಡಿನ ಮಿತಿ ಇಳಿಸದೆ, ನಿನ್ನ ಅತಿ ಭಾರದ ಗೇಮ್ ಹಾಕಿ ಸ್ವಿಚ್ ಆಫ್ ಮಾಡಿ ನೋಡು. ಪಿಸಿ ಆಫ್ ಆದರೆ, ಬ್ಯಾಟರಿ ಹೊಸದಿದ್ದೂ ಓವರ್‌ಲೋಡ್ ದೀಪ ಉರಿಯದಿದ್ದರೆ, ಅದು ಹೆಚ್ಚಾಗಿ ಅಲೆಯದೇ ತಕರಾರು. ಆಗ ಅದನ್ನು ವಾಪಸ್ ಕೊಟ್ಟು ಪ್ಯೂರ್ ಸೈನ್‌ನದನ್ನು ತಗೋ.